ಊಟ, ತಿಂಡಿ, ವಸತಿ ಸಹಿತ

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಕನ್ನಡ ಮೇಷ್ಟರೆಂದ ಮೇಲೆ ಬಡಾವಣೆಯವರ ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು ಇವುಗಳ ಕಾಗುಣಿತ ತಿದ್ದುವ ಹೊಣೆ ತಾನೇ ತಾನಾಗಿ ಹೆಗಲಿಗೆ ಬರುತ್ತದೆ. ಈ ಸಂಬಳವಿಲ್ಲದ ಉದ್ಯೋಗದಲ್ಲಿ ನನಗೆ ಇಪ್ಪತ್ತು ವರ್ಷದ ಸರ್ವೀಸು ಆಗಿದೆ. ಒ ಮತ್ತು ಓ, ಅಲ್ಪಪ್ರಾಣ ಮತ್ತು ಮಹಾಪ್ರಾಣ ಇವುಗಳನ್ನು ಸರಿಪಡಿಸಿಬಿಟ್ಟರೆ ಬರಹ ಶುದ್ಧವಾಯಿತೆಂದು ಈಚಿನವರೆಗೂ ನಂಬಿಕೊಂಡಿದ್ದೆ. ಆ ನಂಬಿಕೆ ಸಡಿಲವಾದದ್ದು ಒಂದು ತೀರ್ಥಯಾತ್ರೆಯ ಕರಪತ್ರದಿಂದ.

ಒಂದು ಭಾನುವಾರ ಬೆಳಗ್ಗೆ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನದೊಂದು ಪುಟ್ಟ ಟ್ರಾವೆಲ್ಸ್ ಇದೆ. ಆಫೀಸೆಂದರೆ ಒಂದು ಮೇಜು, ಎರಡು ಕುರ್ಚಿ, ಒಂದು ದೇವರ ಪಟ. ಸ್ವಂತ ಬಸ್ಸಿಲ್ಲ, ಬಾಡಿಗೆಗೆ ಹಿಡಿದು ತಿಂಗಳಿಗೆ ಒಂದೋ ಎರಡೋ ಯಾತ್ರೆ ನಡೆಸುತ್ತಾನೆ.

"ಸಾರ್, ಒಂದೇ ಒಂದು ಅಕ್ಷರಕ್ಕೆ ನನಗೆ ಒಂಬತ್ತು ಸೀಟು ಹೋಯಿತು" ಎಂದು ಕುಳಿತುಕೊಳ್ಳುವ ಮೊದಲೇ ಹೇಳಿದ.

ಆದದ್ದು ಇಷ್ಟೆ. ಹಿಂದಿನ ಯಾತ್ರೆಯ ಕರಪತ್ರದಲ್ಲಿ "ಊಟ, ತಿಂಡಿ, ವಸತಿ ಸಹಿತ" ಎಂದಿರಬೇಕಾದ ಕಡೆ ಅಚ್ಚಿನ ಮನೆಯವನು "ರಹಿತ" ಎಂದು ಹಾಕಿಬಿಟ್ಟಿದ್ದ. ಎರಡು ಸಾವಿರ ಪ್ರತಿ ಬೆಳಗಿನ ಪತ್ರಿಕೆಯೊಳಗೆ ಸೇರಿ ಮನೆಮನೆಗೂ ಹಂಚಿಹೋದವು. ಫೋನು ಮಾಡಿ ಸೀಟು ಕಾದಿರಿಸಿದ್ದ ಒಂಬತ್ತು ಮಂದಿ, ಊಟವೂ ಇಲ್ಲ ವಸತಿಯೂ ಇಲ್ಲ ಎಂದ ಮೇಲೆ ದುಡ್ಡು ಯಾತಕ್ಕೆ ಎಂದು ಬೇಡವೆಂದರು. ಬಂದವರಲ್ಲಿ ಇಬ್ಬರು ವೃದ್ಧ ದಂಪತಿಗಳು ಮೂರು ದಿನಕ್ಕಾಗುವಷ್ಟು ಚಪಾತಿ ಚಟ್ನಿಪುಡಿ ಕಟ್ಟಿಕೊಂಡು, ಹೊದೆಯುವ ಕಂಬಳಿಯನ್ನೂ ಹಿಡಿದು ಬಸ್ಸು ಹತ್ತಿದರಂತೆ.

ಈ ಸಲದ ಕರಪತ್ರವನ್ನು ಅಚ್ಚಿಗೆ ಹೋಗುವ ಮುನ್ನ ನಾನು ನೋಡಿಕೊಡಬೇಕೆಂದು ಅವನ ಬೇಡಿಕೆ. ಕೆಂಪು ಶಾಯಿಯ ಪೆನ್ನು ತೆಗೆದೆ. ಒಕ್ಕಣೆ ಹೀಗಿತ್ತು: "ಪವಿತ್ರ ಆರು ಕ್ಷೇತ್ರಗಳ ದರ್ಶನ. ಕುಕ್ಕೆ ಸುಬ್ರಹ್ಮಣ್ಯ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು. 3 ದಿನದ ಯಾತ್ರೆ. ಶುಕ್ರವಾರ ರಾತ್ರಿ ಮೈಸೂರಿನಿಂದ ಹೊರಡುವುದು. ಊಟ, ತಿಂಡಿ, ವಸತಿ ಸಹಿತ. ಕೇವಲ 24 ಸೀಟುಗಳು ಮಾತ್ರ. ತ್ವರೆ ಮಾಡಿ."

"ಕೇವಲ ಅಂದ ಮೇಲೆ ಮಾತ್ರ ಬೇಡ, ಮಾತ್ರ ಅಂದ ಮೇಲೆ ಕೇವಲ ಬೇಡ" ಎಂದು ಒಂದನ್ನು ಹೊಡೆದುಹಾಕಿದೆ. "ಪವಿತ್ರ"ವನ್ನು ಕ್ಷೇತ್ರದ ಪಕ್ಕಕ್ಕೆ ಸರಿಸಿದೆ. "ಸಹಿತ"ದ ಕೆಳಗೆ ಎರಡು ಗೆರೆ ಎಳೆದೆ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು.

ನಡುಮನೆಯಲ್ಲಿ ಹೂ ಕಟ್ಟುತ್ತ ಕುಳಿತಿದ್ದ ನಮ್ಮ ತಾಯಿ "ಅದೇನಪ್ಪಾ ಅದು, ನನಗೂ ಸ್ವಲ್ಪ ಓದಿ ಹೇಳು" ಎಂದರು. ಅವರಿಗೆ ಎಪ್ಪತ್ತೆರಡು ವರ್ಷ. ಎರಡು ವರ್ಷದ ಹಿಂದೆ ಬೇರೆ ಯಾರದೋ ಬಸ್ಸಿನಲ್ಲಿ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಹೋಗಿ ಬಂದಿದ್ದರು. ನಾನು ಓದಿದೆ. ಅವರು ಹೂವಿನ ದಂಡೆಯನ್ನು ಪಕ್ಕಕ್ಕಿಟ್ಟರು.

"ಮೂರು ದಿನ ಅಂದೆಯಲ್ಲ ಮಗೂ, ಹೋಗೋ ರಾತ್ರಿ ಎಲ್ಲಿ ಮಲಗೋದು?"

"ಬಸ್ಸಲ್ಲೇ ಅಜ್ಜಿ. ಸೀಟು ಹಿಂದಕ್ಕೆ ಒರಗುತ್ತೆ."

"ಒರಗೋದು ಬೇರೆ, ಮಲಗೋದು ಬೇರೆ. ಹಾಗಾದರೆ ಮೊದಲನೇ ದಿನ ನಿದ್ದೆ ಇಲ್ಲದ ದಿನ. ರಾತ್ರಿಯೆಲ್ಲ ಬಸ್ಸು ಓಡಿಸಿದ ಡ್ರೈವರೇ ಹಗಲೂ ಓಡಿಸುತ್ತಾನೋ?"

ಶಿಷ್ಯ ನನ್ನ ಮುಖ ನೋಡಿದ. ನಾನು ಕೆಂಪು ಪೆನ್ನಿನ ಮುಚ್ಚಳ ಹಾಕಿದೆ. ಅವನು ಸುಳ್ಳು ಹೇಳುವವನಲ್ಲ. ಒಬ್ಬನೇ ಡ್ರೈವರು, ಮಧ್ಯಾಹ್ನ ಒಂದಿಷ್ಟು ಮಲಗಿಕೊಳ್ಳುತ್ತಾನೆ ಎಂದು ಒಪ್ಪಿಕೊಂಡ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, 2025ರಲ್ಲಿ ರದ್ದಾಗುವವರೆಗೂ, ಚಾಲಕನ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತ್ತು. ಮೈಸೂರಿನಿಂದ ಮಡಿಕೇರಿ, ಸುಳ್ಯದ ಮೇಲೆ ಸುಬ್ರಹ್ಮಣ್ಯಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ದಾರಿ. ಅದರಲ್ಲಿ ಮಡಿಕೇರಿಯಿಂದಾಚೆ ಘಟ್ಟ. ಅದಿಷ್ಟೇ ಐದಾರು ಗಂಟೆಯ ಕೆಲಸ. ಬೆಳಗಾದ ಮೇಲೆ ಅದೇ ಕೈ ಧರ್ಮಸ್ಥಳಕ್ಕೂ ಉಡುಪಿಗೂ ಬಸ್ಸು ತಿರುಗಿಸಬೇಕು. ಕರಪತ್ರದಲ್ಲಿ ಆರು ದೇವರ ಹೆಸರಿತ್ತು. ಈ ಮನುಷ್ಯನ ವಿಷಯವಾಗಿ ಒಂದು ಮಾತೂ ಇರಲಿಲ್ಲ.

ಆಮೇಲೆ ತಾಯಿ ಮೂರು ದಿನದ ಲೆಕ್ಕವನ್ನು ಬಿಡಿಸತೊಡಗಿದರು. ಅವರು ಕಿಲೋಮೀಟರು ಕೇಳಲಿಲ್ಲ, ಬಾಗಿಲು ಕೇಳಿದರು. ಯಾತ್ರೆಯ ಬಸ್ಸಿಗೆ ನಿಜವಾದ ಗಡಿಯಾರ ದೇವಸ್ಥಾನದ ಬಾಗಿಲು. ಮಧ್ಯಾಹ್ನದ ಮಹಾಪೂಜೆ ಆದ ಮೇಲೆ ಹೆಚ್ಚಿನ ಕಡೆ ಬಾಗಿಲು ಹಾಕುತ್ತಾರೆ. ಒಂದೊಂದು ಕ್ಷೇತ್ರದ ವೇಳೆ ಒಂದೊಂದು ರೀತಿ. ಕೆಲವು ಕಡೆ ಮತ್ತೆ ದರ್ಶನ ಸಿಗುವುದು ಸಂಜೆಗೇ. ಬಸ್ಸು ಒಂದು ಊರಿಗೆ ಮಧ್ಯಾಹ್ನ ಒಂದಕ್ಕೆ ತಲಪುವುದಕ್ಕೂ ಎರಡೂಕಾಲಕ್ಕೆ ತಲಪುವುದಕ್ಕೂ ಇರುವ ಅಂತರ ಒಂದೂಕಾಲು ಗಂಟೆಯೆಂದು ಡ್ರೈವರು ತಿಳಿದಿರುತ್ತಾನೆ. ಯಾತ್ರಿಕನಿಗೆ ಅದು ದರ್ಶನವಾಗುವುದಕ್ಕೂ ಆಗದಿರುವುದಕ್ಕೂ ಇರುವ ಅಂತರ.

ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಕುಕ್ಕೆ, ಧರ್ಮಸ್ಥಳ. ರಜೆಯ ದಿನ ಧರ್ಮಸ್ಥಳದ ಸರದಿಯಲ್ಲಿ ನಿಂತವರಿಗೆ ಎರಡು ಗಂಟೆಯಾದರೂ ಆದೀತು, ನಾಲ್ಕಾದರೂ ಆದೀತು. ಅಲ್ಲಿ ಕಳೆದುಹೋದ ಎರಡು ಗಂಟೆಯನ್ನು ಡ್ರೈವರು ಮುಂದೆ ಎಲ್ಲಾದರೂ ವಸೂಲು ಮಾಡಬೇಕು: ವೇಗದಲ್ಲಿ, ಇಲ್ಲವೇ ಮುಂದಿನ ದೇವರ ಲೆಕ್ಕದಲ್ಲಿ.

"ಹೋದ ಸಲ ನಮಗೆ ಶೃಂಗೇರಿ ಲೆಕ್ಕದಲ್ಲಿ ಹೋಯಿತು" ಎಂದರು ತಾಯಿ.

ನನಗೆ ಅರ್ಥವಾಗಲಿಲ್ಲ. "ಶೃಂಗೇರಿಗೆ ಹೋಗಿದ್ದಿರಲ್ಲಮ್ಮ. ಕುಂಕುಮ ತಂದುಕೊಟ್ಟಿರಿ. ದರ್ಶನ ಚೆನ್ನಾಗಾಯಿತು ಅಂದಿರಿ."

"ಹೋಗಿದ್ದು ನಿಜ. ತಲಪಿದಾಗ ಬಾಗಿಲು ಹಾಕಿತ್ತು. ರಾತ್ರಿಗೆ ಹೊರನಾಡಿಗೆ ಹೋಗಬೇಕು, ಸಂಜೆವರೆಗೆ ಕಾಯೋ ಹಾಗಿಲ್ಲ ಅಂದುಬಿಟ್ಟ. ಶಾರದಮ್ಮನ ಬಾಗಿಲಿಗೇ ಕೈಮುಗಿದು, ತುಂಗೆಯ ಮೀನು ನೋಡಿಕೊಂಡು ಬಂದೆ. ಕುಂಕುಮ ಅಂಗಡೀದು. ನೀನು ಅಕ್ಷರ ಹೇಳಿ ಅನ್ನ ತಿನ್ನೋನು. ನಿನಗೆ ಶಾರದೆ ಬಾಗಿಲು ಹಾಕಿತ್ತು ಅಂತ ಹೇಗೆ ಹೇಳೋದು?"

ನಾನು ಸುಮ್ಮನೆ ಕುಳಿತೆ. ಆ ಕುಂಕುಮ ಈಗಲೂ ನನ್ನ ಮೇಜಿನ ಖಾನೆಯಲ್ಲಿತ್ತು.

ಶಿಷ್ಯನೇ ಮೌನ ಮುರಿದ. "ಹಾಗಾದರೆ ಏನು ಮಾಡಲಿ ಅಜ್ಜಿ?"

"ಶನಿವಾರ ಭಾನುವಾರ ಯಾರಿಗೆ ಬೇಕಪ್ಪಾ? ಆಫೀಸಿಗೆ ಹೋಗೋರಿಗೆ. ನಿನ್ನ ಬಸ್ಸು ಹತ್ತೋರು ನಮ್ಮಂಥ ಮುದುಕರು. ನಮಗೆ ವಾರವೆಲ್ಲ ಭಾನುವಾರವೇ."

ಆ ಮಾತಿಗೆ ಅವನು ಜೇಬಿನಿಂದ ಕಾಗದ ತೆಗೆದ. ಸೋಮವಾರ ಮಂಜುನಾಥನಿಗೆ ಜನ, ಮಂಗಳವಾರ ಸುಬ್ರಹ್ಮಣ್ಯನಿಗೆ ಜನ. ಆದ್ದರಿಂದ ಮಂಗಳವಾರ ರಾತ್ರಿ ಹೊರಡುವುದೆಂದಾಯಿತು. ಬುಧವಾರ ಬೆಳಗ್ಗೆ ಕುಕ್ಕೆ; ಅಲ್ಲಿಂದ ಧರ್ಮಸ್ಥಳ ಐವತ್ತೈದು ಕಿಲೋಮೀಟರು, ರಾತ್ರಿ ಅಲ್ಲೇ ತಂಗುವುದು. ಗುರುವಾರ ಉಡುಪಿ, ಸಂಜೆಗೆ ಕೊಲ್ಲೂರು. ಶುಕ್ರವಾರ ಬೆಳಗ್ಗೆ ದೇವಿಯ ದರ್ಶನ ಮುಗಿಸಿ ಆಗುಂಬೆಯ ಮೇಲೆ ಶೃಂಗೇರಿ; ಬಾಗಿಲು ಮುಚ್ಚಿದ್ದರೂ ರಾತ್ರಿ ಅಲ್ಲೇ ಇರುವುದರಿಂದ ಸಂಜೆ ತೆರೆದೇ ತೆರೆಯುತ್ತದೆ. ಶನಿವಾರ ಹೊರನಾಡು ನೋಡಿಕೊಂಡು ಮೂಡಿಗೆರೆ, ಹಾಸನದ ಮೇಲೆ ರಾತ್ರಿ ಮೈಸೂರು. ಮೂರು ದಿನ ನಾಲ್ಕಾಯಿತು. ಆದರೆ ಪ್ರತಿ ದೇವರಿಗೂ ಒಂದು ಬೆಳಗೋ ಒಂದು ಸಂಜೆಯೋ ದಕ್ಕಿತು.

ತಾಯಿ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. "ಆ ಗುರುವಾರ ಏಕಾದಶಿ ಕಣಪ್ಪ. ಉಡುಪಿಯಲ್ಲಿ ಊಟ ಎಲ್ಲಿ ಹಾಕಿಸ್ತೀಯ?"

ಇಲ್ಲಿ "ಊಟ ಸಹಿತ" ಎಂಬ ಮಾತಿನ ಒಳಗುಟ್ಟು ಹೊರಬಿತ್ತು. ಈ ದಾರಿಯ ವಿಶೇಷವೆಂದರೆ ಎಲ್ಲ ಕ್ಷೇತ್ರಗಳಲ್ಲೂ ಮಧ್ಯಾಹ್ನ ಬಂದವರಿಗೆಲ್ಲ ಅನ್ನ ಬಡಿಸುತ್ತಾರೆ. ಯಾರೂ ದುಡ್ಡು ಕೇಳುವುದಿಲ್ಲ. ಹೊರನಾಡಿನಲ್ಲಂತೂ ದೇವಿಯ ಹೆಸರೇ ಅನ್ನಪೂರ್ಣೇಶ್ವರಿ. ಹಾಗಾಗಿ ಯಾತ್ರೆಯ ಬಸ್ಸಿನವರು ಮಧ್ಯಾಹ್ನದ ಊಟವನ್ನು ದೇವರ ಮೇಲೆ ಬಿಟ್ಟಿರುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಕ್ಷೇತ್ರಕ್ಕೆ ಹೋಗಿ ಪ್ರಸಾದ ಬಿಟ್ಟು ಹೋಟೆಲಿನಲ್ಲಿ ಉಣ್ಣುವುದು ಯಾತ್ರಿಕರಿಗೇ ಇಷ್ಟವಿಲ್ಲ. ಆದರೆ ಊಟ ಸಹಿತವೆಂದು ಹಣ ಕೊಟ್ಟವನು ಪಂಕ್ತಿಯಲ್ಲಿ ಕುಳಿತಾಗ, ಇದು ಟ್ರಾವೆಲ್ಸಿನವನ ಊಟವಲ್ಲವಲ್ಲ ಎಂಬ ಯೋಚನೆ ಬಂದೇ ಬರುತ್ತದೆ. ಅಲ್ಲಿಂದ ಜಗಳ ಶುರು. ಏಕಾದಶಿಯ ದಿನ ಕೃಷ್ಣಮಠದಲ್ಲಿ ಊಟದ ಪಂಕ್ತಿಯೇ ಇರುವುದಿಲ್ಲ. ಪಂಚಾಂಗ ನೋಡದೆ ದಿನ ಗೊತ್ತುಮಾಡಿದವನು ಇಪ್ಪತ್ತನಾಲ್ಕು ಮಂದಿಯನ್ನು ಹಸಿದ ಹೊಟ್ಟೆಯಲ್ಲಿ ರಥಬೀದಿಯಲ್ಲಿ ನಿಲ್ಲಿಸಬೇಕಾಗುತ್ತದೆ.

ಅದಕ್ಕೆ ಅವನು ಯಾತ್ರೆಯನ್ನು ಒಂದು ವಾರ ಮುಂದಕ್ಕೆ ಹಾಕಿದ. ನಾನು "ಊಟ ಸಹಿತ" ಎಂಬುದನ್ನು ಬಿಡಿಸಿ ಬರೆದೆ: "ಬೆಳಗಿನ ಕಾಫಿ, ತಿಂಡಿ, ರಾತ್ರಿಯ ಊಟ ನಮ್ಮದು. ಮಧ್ಯಾಹ್ನ ಕ್ಷೇತ್ರದ ಪ್ರಸಾದ. ಪ್ರಸಾದ ಸಿಗದ ದಿನ ಆ ಊಟವೂ ನಮ್ಮದೇ." ಕೊನೆಯ ವಾಕ್ಯಕ್ಕೆ ಅವನು ಸ್ವಲ್ಪ ತಡವರಿಸಿದರೂ ಒಪ್ಪಿದ.

ಇನ್ನು ಸೀಟಿನ ವಿಚಾರ. ಇಪ್ಪತ್ತನಾಲ್ಕು ಸೀಟು ಎನ್ನುವುದು ಗಿರಾಕಿಗಳನ್ನು ಅವಸರಪಡಿಸುವ ವ್ಯಾಪಾರದ ಮಾತೆಂದೇ ನಾನು ತಿಳಿದಿದ್ದೆ. ಹಾಗಲ್ಲವೆಂದು ಅವನು ವಿವರಿಸಿದ. ಕರಾವಳಿಯ ಹೆಬ್ರಿ, ಸೋಮೇಶ್ವರದಿಂದ ಮಲೆನಾಡಿಗೆ ಹತ್ತುವ ಆಗುಂಬೆ ಘಟ್ಟದಲ್ಲಿ 14 ಕಡಿದಾದ ತಿರುವುಗಳಿವೆ. ಉದ್ದನೆಯ ಬಸ್ಸು ಅಲ್ಲಿ ಒಂದೇ ಸಲಕ್ಕೆ ತಿರುಗಲಾರದು. ಅದಕ್ಕೇ ಆ ದಾರಿಯಲ್ಲಿ ದೊಡ್ಡ ಬಸ್ಸುಗಳನ್ನು ಬಿಡುವುದಿಲ್ಲ, ಮಿನಿ ಬಸ್ಸುಗಳೇ ಓಡಾಡುತ್ತವೆ. ದೊಡ್ಡ ಬಸ್ಸು ತಂದವನು ಬೇರೆ ಘಟ್ಟ ಹುಡುಕಿಕೊಂಡು ಸುತ್ತಬೇಕು, ಆ ಸುತ್ತಿನಲ್ಲಿ ಮತ್ತೆ ದೇವರ ಬಾಗಿಲು ಹಾಕುತ್ತದೆ. ಆದ್ದರಿಂದ ಸೀಟು ಇಪ್ಪತ್ತನಾಲ್ಕು ಎಂದು ಗೊತ್ತುಮಾಡಿದ್ದು ನನ್ನ ಶಿಷ್ಯನಲ್ಲ, ಆಗುಂಬೆಯ ಬೆಟ್ಟ. ಜೋರು ಮಳೆಗಾಲದಲ್ಲಿ ಗುಡ್ಡ ಕುಸಿದು ಆ ದಾರಿಯೂ ಮುಚ್ಚುವುದುಂಟು. ಹಾಗಾಗಿ ಈ ಯಾತ್ರೆಯನ್ನು ಅವನು ಆಷಾಢ ಶ್ರಾವಣದಲ್ಲಿ ಇಟ್ಟುಕೊಳ್ಳುವುದೇ ಇಲ್ಲ.

"ಮೇಲಿನ ಸಂಖ್ಯೆ ಬರೆದಿದ್ದೀಯ. ಕೆಳಗಿನದು?" ಎಂದು ಈ ಸಲ ಕೇಳಿದವನು ನಾನು. ತಾಯಿಯ ಸಹವಾಸದಿಂದ ನನಗೂ ಅಷ್ಟು ಬುದ್ಧಿ ಬಂದಿತ್ತು.

ಅವನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಹೋಗಿ ಬರುವ ದಾರಿ ಎಲ್ಲ ಸೇರಿ ಸುಮಾರು ಒಂಬೈನೂರು ಕಿಲೋಮೀಟರು. ಬಸ್ಸಿನ ಬಾಡಿಗೆ, ಸುಂಕ, ಇಬ್ಬರು ಡ್ರೈವರುಗಳ ಬತ್ತೆ ಕೂಡಿದರೆ 37,000 ರೂಪಾಯಿ. ಬಸ್ಸಿನಲ್ಲಿ ಒಬ್ಬರಿದ್ದರೂ ಇಪ್ಪತ್ತನಾಲ್ಕು ಜನ ಇದ್ದರೂ ಈ ಖರ್ಚು ತಪ್ಪದು. ಅದರ ಮೇಲೆ ತಲೆಗೆ ಊಟ ವಸತಿಗೆ 2,000. ಅವನು ಇಟ್ಟ ದರ 4,800. ಅಂದರೆ ಒಬ್ಬೊಬ್ಬ ಯಾತ್ರಿಕನಿಂದ ಬಸ್ಸಿನ ಖರ್ಚಿಗೆ ಸಿಗುವುದು 2,800. ಹದಿಮೂರು ಜನರಾದರೆ 36,400. ಇನ್ನೂ ಆರುನೂರು ಕಡಮೆ. ಹದಿನಾಲ್ಕನೆಯವನು ಬಂದಾಗ ಬಸ್ಸು ತನ್ನ ಕಾಲ ಮೇಲೆ ನಿಲ್ಲುತ್ತದೆ. ಆಗುಂಬೆಯ ತಿರುವೂ ಹದಿನಾಲ್ಕು, ಈ ವ್ಯಾಪಾರದ ತಿರುವೂ ಹದಿನಾಲ್ಕು.

"ಹದಿನಾಲ್ಕು ಆಗದಿದ್ದರೆ?"

"ಏನಾದರೂ ನೆಪ ಹೇಳಿ ಮುಂದಕ್ಕೆ ಹಾಕ್ತೀವಿ ಸಾರ್. ಎಲ್ಲರೂ ಹಾಗೇ ಮಾಡೋದು."

ಈ ನೆಪದ ರುಚಿ ಯಾತ್ರಿಕರಿಗೆ ಗೊತ್ತು. ಹೊರಡುವ ಹಿಂದಿನ ದಿನ ಬಸ್ಸು ರಿಪೇರಿ ಎಂದು ಫೋನು ಬರುತ್ತದೆ. ಕೊಟ್ಟ ಮುಂಗಡ ಮುಂದಿನ ಯಾತ್ರೆಗೆ ಜಮಾ ಆಗುತ್ತದೆ. ಆ ಮುಂದಿನ ಯಾತ್ರೆಯ ದಿನ ಗೊತ್ತಾಗುವುದಿಲ್ಲ. ಎಲ್ಲ ಕರಪತ್ರಗಳೂ ಸೀಟಿನ ಮೇಲಿನ ಮಿತಿಯನ್ನು ದಪ್ಪ ಅಕ್ಷರದಲ್ಲಿ ಹೇಳುತ್ತವೆ, ಕೆಳಗಿನ ಮಿತಿಯನ್ನು ನುಂಗಿಬಿಡುತ್ತವೆ. ನಾವು ಅದನ್ನೂ ಬರೆದೆವು: "24 ಸೀಟುಗಳು ಮಾತ್ರ. ಐದು ದಿನ ಮೊದಲು 14 ಜನ ಆಗದಿದ್ದರೆ ಯಾತ್ರೆ ಇಲ್ಲ. ಮುಂಗಡ ಪೂರ್ತಿ ವಾಪಸು."

ಉಳಿದದ್ದು "ವಸತಿ". ನಾನಾಗಿ ಕೇಳಿದೆ: "ಇದರಲ್ಲಿ ಬಿಡಿಸಿ ಬರೆಯೋದು ಏನಿದೆಯಮ್ಮ?"

ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರ ಹಿಂದಿನ ಯಾತ್ರೆಯ ಕರಪತ್ರದಲ್ಲೂ "ಉತ್ತಮ ವಸತಿ" ಎಂದು ಇತ್ತಂತೆ. ಮೊದಲನೆಯ ಬೆಳಗ್ಗೆ ಒಂದೇ ಒಂದು ರೂಮು ಹಿಡಿದು ಅಷ್ಟೂ ಜನ ಹೆಂಗಸರು ಒಂದು ಗಂಟೆಯಲ್ಲಿ ಸ್ನಾನ ಮುಗಿಸಬೇಕೆಂದರು. ಇದಕ್ಕೆ ಅವರ ಭಾಷೆಯಲ್ಲಿ "ಫ್ರೆಶ್ ಅಪ್" ಎಂದು ಹೆಸರು. ರಾತ್ರಿ ಮೂರನೆಯ ಅಂತಸ್ತಿನ ಮೇಲೆ ಆರು ಜನಕ್ಕೆ ಒಂದು ರೂಮು. ಕುಕ್ಕರಗಾಲಲ್ಲಿ ಕೂರಲಾರದ ಮೊಣಕಾಲಿನವರಿಗೆ ಬೇಕಾದ ಕುರ್ಚಿಯಂಥ ಕಕ್ಕಸು ಎಲ್ಲೂ ಇರಲಿಲ್ಲ. ಇನ್ನು ದಾರಿಯಲ್ಲಿ ಬಸ್ಸು ನಿಲ್ಲುತ್ತಿದ್ದದ್ದು ಡ್ರೈವರಿಗೆ ಟೀ ಬೇಕೆನಿಸಿದಾಗ. ಗಂಡಸರು ಮರದ ಮರೆಗೆ ಹೋಗಿ ಬರುತ್ತಿದ್ದರು. ಹೆಂಗಸರು ಬಸ್ಸಿನಲ್ಲೇ ಕೂರುತ್ತಿದ್ದರು.

"ಅದಕ್ಕೇ ನೀರು ಕುಡಿಯೋದೇ ಬಿಟ್ಟೆ" ಎಂದರು. "ನಾನೊಬ್ಬಳೇ ಅಲ್ಲ, ನಾವು ಹೆಂಗಸರೆಲ್ಲ ಹಾಗೇ. ಮೂರು ದಿನ ಬೆಳಗಿನ ಅರ್ಧ ಲೋಟ ಕಾಫಿ, ಊಟದ ಹೊತ್ತಿಗೆ ಎರಡು ಗುಟುಕು. ಇಳಿಯೋಣ ಅಂತ ಕೇಳೋಕೆ ಯಾರಿಗೂ ಬಾಯಿ ಬರಲಿಲ್ಲ."

ಆ ಯಾತ್ರೆಯಿಂದ ಬಂದ ಎರಡನೆಯ ದಿನ ಅವರಿಗೆ ಚಳಿಜ್ವರ ಬಂದದ್ದು ನನಗೆ ನೆನಪಾಯಿತು. ಮೂತ್ರದ ಸೋಂಕು ಎಂದು ಡಾಕ್ಟರು ಐದು ದಿನ ಮಾತ್ರೆ ಕೊಟ್ಟಿದ್ದರು. ನೀರು ಸಾಲದೆ ಹೋದರೆ, ತಡೆದುಕೊಂಡೇ ಇದ್ದರೆ ಈ ವಯಸ್ಸಿನಲ್ಲಿ ಹೀಗಾಗುತ್ತದೆ ಎಂದೂ ಹೇಳಿದ್ದರು. ಪ್ರಯಾಣದ ಆಯಾಸವೆಂದು ನಾನು ಊರಿಗೆಲ್ಲ ಹೇಳಿದ್ದೆ. ಆ ಸಲದ ಕರಪತ್ರವನ್ನು ತಂದು ಅವರಿಗೆ ಓದಿ ಹೇಳಿದವನೂ ನಾನೇ. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲವೆಂದು ಮೆಚ್ಚಿಕೊಂಡದ್ದೂ ನೆನಪಿದೆ.

ನನ್ನ ಶಿಷ್ಯ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಅವನ ಕೈಬರಹ ಈಗಲೂ ಪರೀಕ್ಷೆಯ ಕಾಲದಷ್ಟೇ ಕೆಟ್ಟದಾಗಿದೆ. ಆದರೂ ನಾನು ತಿದ್ದಲಿಲ್ಲ. "ಮೂವರಿಗೆ ಒಂದು ರೂಮು. ವಯಸ್ಸಾದವರಿಗೆ ನೆಲಮಾಳಿಗೆಯಲ್ಲಿ" ಎಂದು ಬರೆದಿದ್ದ. ಆಗ ಮಾತ್ರ ಮೇಷ್ಟರಿಕೆ ತಡೆಯಲಾಗಲಿಲ್ಲ. "ನೆಲಮಾಳಿಗೆ ಅಂದರೆ ನೆಲದ ಕೆಳಗಿನದು ಕಣಯ್ಯ. ಕೆಳ ಅಂತಸ್ತು ಅಂತ ಬರಿ" ಎಂದೆ. ತಾಯಿಯೂ ನಕ್ಕರು. ಕೆಳಗೆ ಇನ್ನೆರಡು ಸಾಲು ಸೇರಿದವು: "ಇಬ್ಬರು ಚಾಲಕರು. ಎರಡು ಗಂಟೆಗೊಮ್ಮೆ, ಕಕ್ಕಸಿರುವ ಜಾಗದಲ್ಲೇ ಬಸ್ಸು ನಿಲ್ಲುತ್ತದೆ."

"ಇದನ್ನೆಲ್ಲ ದೇವರ ಚಿತ್ರದ ಕೆಳಗೆ ಅಚ್ಚು ಹಾಕಿಸೋದೇ ಸಾರ್?" ಎಂದು ಸಂಕೋಚಪಟ್ಟ.

"ದೇವರ ಚಿತ್ರ ಸ್ವಲ್ಪ ಚಿಕ್ಕದು ಮಾಡು. ಇದು ಹಿಡಿಸುತ್ತೆ" ಎಂದರು ತಾಯಿ.

ಕರಪತ್ರ ಎರಡು ಪುಟವಾಯಿತು. ಅಚ್ಚಿನ ಮನೆಗೆ ನಾನೇ ಹೋಗಿ ಕರಡು ನೋಡಿದೆ. "ಸಹಿತ"ವನ್ನು ಮೂರು ಸಲ ನೋಡಿದೆ. ಕೊನೆಗೆ ಸೇರಿದವರು ಹದಿನೇಳು ಮಂದಿ. ಹನ್ನೊಂದು ಜನ ಹೆಂಗಸರು. ಫೋನು ಮಾಡಿದವರಲ್ಲಿ ಹೆಚ್ಚಿನವರು ಕೇಳಿದ್ದು ಎರಡು ಗಂಟೆಗೊಮ್ಮೆ ನಿಲ್ಲುವುದು ನಿಜವೇ ಎಂದೇ ಅಂತೆ. ಹದಿನೇಳರಲ್ಲಿ ಒಬ್ಬರು ನಮ್ಮ ತಾಯಿ.

ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ಬಸ್ಸು ಬಂತು. ಕೈಹಿಡಿದು ಇಳಿಸಿಕೊಂಡೆ. ಸೆರಗಿನ ಗಂಟಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. "ಇದು ಗುಡಿಯದೇ" ಎಂದರು. ಆಮೇಲೆ ಚೀಲದಿಂದ ಖಾಲಿ ನೀರಿನ ಬಾಟಲು ತೆಗೆದು, ಬೆಳಕಿಗೆ ಹಿಡಿದು ನನಗೆ ತೋರಿಸಿ, "ಹೊರನಾಡಿನಿಂದ ಇಲ್ಲಿಗೆ ಎರಡು ಬಾಟಲು ಕುಡಿದೆ ಕಣೋ" ಎಂದು ಹೇಳಿದರು.